ಗಲ್ಲು ತಪ್ಪಿತು, ಸರಿ. ಯಾಕೆ ತಪ್ಪಿತು?

ಮೊನ್ನೆ ಗೆಳೆಯನೊಬ್ಬ ಕಳಿಸಿದ ತೀರ್ಪಿನ ಸಾರಾಂಶ ಓದಿ ತಲೆ ಕೆಟ್ಟುಹೋಯ್ತು. "ಕೊಲೆ ಮಾಡಿದ, ಕೋರ್ಟು ಕರುಣೆ ತೋರಿಸ್ತು, ಜೀವಾವಧಿ ಕೊಡ್ತು" ಅಂತ ಮೂರೇ ಮಾತು. ನಾನು ವಕೀಲನಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯೋನು. ಆದ್ರೂ ಆ ಮೂರರಲ್ಲಿ ಎರಡು ಮಾತು ತಪ್ಪು ಅನ್ನೋದು ತೀರ್ಪು ಓದಿದ ಯಾರಿಗಾದ್ರೂ ಗೊತ್ತಾಗುತ್ತೆ.

ಆ ಕೇಸು ನಮ್ಮ ಬೆಂಗಳೂರಿನದ್ದೇ: ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ, ಸುಪ್ರೀಂ ಕೋರ್ಟ್, 2008. ಅದನ್ನ ಮೂರು ಕಾಲಂ ಮಾಡಿ ಬರೆಯೋಣ ಬನ್ನಿ.

ಮೊದಲನೇದು, ಶಿಕ್ಷೆಯನ್ನ ಹೆಚ್ಚಿಸುವ ಅಂಶಗಳು. ಇಲ್ಲಿ "ಕೊಲೆ ಮಾಡಿದ" ಅಂತ ಬರೆಯೋ ಹಾಗಿಲ್ಲ. ಅದು ಅಪರಾಧವೇ, ಅಪರಾಧಿ ಅಂತ ತೀರ್ಮಾನ ಆದಾಗಲೇ ಅದರ ಲೆಕ್ಕ ಮುಗೀತು. ಇಲ್ಲಿಗೆ ಬರೋದು ಮಾಮೂಲಿ ಕೊಲೆಗಿಂತ ಇದು ಘೋರ ಅನ್ನಿಸುವಂಥದ್ದು ಮಾತ್ರ. ನಂಬಿದ ಹೆಂಡತಿ, ಆಸ್ತಿಯ ಆಸೆ, ಮೊದಲೇ ಮಾಡಿಸಿಟ್ಟ ಪೆಟ್ಟಿಗೆ, ಅವರದ್ದೇ ಮನೆಯ ಅಂಗಳದಲ್ಲಿ ಹೂತು 1991ರಿಂದ 1994ರವರೆಗೆ ಗುಟ್ಟು ಬಿಡದೆ ಇದ್ದದ್ದು.

ಎರಡನೇದು, ಶಿಕ್ಷೆಯನ್ನ ತಗ್ಗಿಸುವ ಅಂಶಗಳು. ವಯಸ್ಸು, ಹಿನ್ನೆಲೆ, ಸುಧಾರಣೆಯ ಸಾಧ್ಯತೆ ಇಂಥವು. ಸಾರಾಂಶ ಬರೆಯೋರು ಎಡವೋದು ಇಲ್ಲೇ. ಗಲ್ಲು ತಪ್ಪಿತು ಅಂದ್ಮೇಲೆ ಈ ಕಾಲಂನಲ್ಲಿ ಏನಾದ್ರೂ ದೊಡ್ಡದು ಇರ್ಲೇಬೇಕು ಅಂತ "ಕರುಣೆ"ಯನ್ನ ತಂದು ತುರುಕಿಬಿಡ್ತಾರೆ. ಆದ್ರೆ ಪೀಠದ ಮುಖ್ಯ ಕಾರಣ ಆರೋಪಿಯ ಒಳ್ಳೇತನ ಅಲ್ಲವೇ ಅಲ್ಲ. "ಅಪರೂಪದಲ್ಲಿ ಅಪರೂಪ" ಅನ್ನೋ ಅಳತೆಗೋಲು ಒಬ್ಬೊಬ್ಬ ನ್ಯಾಯಮೂರ್ತಿಯ ಕೈಯಲ್ಲಿ ಒಂದೊಂದು ಥರ ಅಳೀತಿದೆ ಅನ್ನೋ ಅಳುಕು ಅದು. ಇದೇ ಕೇಸಿನಲ್ಲಿ, 2007ರಲ್ಲಿ, ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು ಅಂದ್ರು, ಇನ್ನೊಬ್ಬರು ಜೀವಾವಧಿ ಅಂದ್ರು. ಅದಕ್ಕೇ ತಾನೇ ಮೂವರ ಪೀಠಕ್ಕೆ ಹೋಗಿದ್ದು! ಈ ಕಾರಣವನ್ನ ಬೇರೆ ಸಾಲಾಗಿ ಬರೀಬೇಕು. ತಗ್ಗಿಸುವ ಅಂಶ ಅಂತ ಬರೆದ್ರೆ ಕೋರ್ಟಿನ ಬಾಯಿಗೆ ಸುಳ್ಳು ತುರುಕಿದ ಹಾಗೆ.

ಮೂರನೇದು ಶಿಕ್ಷೆ. "ಜೀವಾವಧಿ" ಅಂದ್ರೆ ಸಾಕಾ? ಸಾಲದು. ಕ್ಷಮಾಪಣೆ ಸೇರಿಸಿದ್ರೆ ಸಾಮಾನ್ಯ ಜೀವಾವಧಿ ಸುಮಾರು 14 ವರ್ಷಕ್ಕೆ ಇಳಿಯುತ್ತೆ, ಈ ಕೃತ್ಯಕ್ಕೆ ಅದು ತೀರಾ ಕಮ್ಮಿ ಅಂತ ಪೀಠವೇ ಹೇಳಿತು. ಹಾಗಾಗಿ ಉಸಿರಿರೋವರೆಗೂ ಬಿಡುಗಡೆ ಇಲ್ಲ ಅಂತ ಸೇರಿಸಿತು. ಗಲ್ಲಿಗೂ ಮಾಮೂಲಿ ಜೀವಾವಧಿಗೂ ನಡುವಿನ ಈ ಶಿಕ್ಷೆಯನ್ನ 2015ರಲ್ಲಿ ಸಂವಿಧಾನ ಪೀಠವೂ ಬಹುಮತದಿಂದ ಒಪ್ಪಿತು. ಆ ಒಂದು ಷರತ್ತು ಬಿಟ್ಟು ಬರೆದವರು ಶಿಕ್ಷೆಯನ್ನೇ ಬದಲಾಯಿಸಿದ ಹಾಗಾಯ್ತು.

"ಹದಿನಾಲ್ಕು ವರ್ಷಕ್ಕೆ ಹೊರಗೆ ಬರ್ತಾನೆ ಬಿಡು" ಅಂತ ಗೆಳೆಯ ಬೈದದ್ದು ಆ ಸಾರಾಂಶ ನಂಬಿಯೇ. ಬೈಯೋಕೆ ಮುಂಚೆ ತೀರ್ಪಿನ ಕೊನೇ ಪುಟಗಳನ್ನಾದ್ರೂ ಓದಿ ಮಾರಾಯ್ರೆ.