ಎಂಟ್ರಪಿಯೋ ಗಿನಿಯೋ ಎಂಬ ಸುಳ್ಳು ಜಗಳ

“ಡಿಸಿಷನ್ ಟ್ರೀಗೆ ಎಂಟ್ರಪಿ ಒಳ್ಳೆಯದೋ, ಗಿನಿ ಒಳ್ಳೆಯದೋ?” ಈ ಪ್ರಶ್ನೆ ಕೇಳಿ ಕೇಳಿ ನನಗಂತೂ ಸಾಕಾಗಿದೆ ಮಾರಾಯ್ರೆ. ಮಣಿಪಾಲದಲ್ಲಿ ಯಾವ ಚಾ ಅಂಗಡಿಯ ಬೆಂಚಿನಲ್ಲಿ ಕೂತರೂ ಪಕ್ಕದ ಹುಡುಗರು ಇಂಟರ್‌ವ್ಯೂಗೆಂದು ಉರು ಹೊಡೆಯುತ್ತಿರುವುದು ಇದನ್ನೇ. ಒಬ್ಬ ಗಿನಿ ಪಕ್ಷ, ಇನ್ನೊಬ್ಬ ಎಂಟ್ರಪಿ ಪಕ್ಷ. ತೆಂಕುತಿಟ್ಟು ಬಡಗುತಿಟ್ಟು ಅಂತ ಕಚ್ಚಾಡಿದ ಹಾಗೆ. ಅದರಲ್ಲಾದರೂ ಕೇಳುವುದಕ್ಕೆ ಚೆಂಡೆ ಮದ್ದಳೆ ಇದೆ :-)

ನನ್ನ ತಕರಾರು ಇಷ್ಟೇ. ಈ ಜಗಳದಲ್ಲಿ ಗೆದ್ದವನಿಗೂ ಏನೂ ಸಿಗುವುದಿಲ್ಲ. ಮರವನ್ನು ದಾರಿ ತಪ್ಪಿಸುವ ಕಳ್ಳ ಬೇರೆಯೇ ಇದ್ದಾನೆ. ಅವನು ಎದುರಿಗೆ ಬಂದು ನಿಂತರೆ ಎಂಟ್ರಪಿಯೂ ಗಿನಿಯೂ ಎದ್ದು ನಿಂತು ನಮಸ್ಕಾರ ಮಾಡುತ್ತವೆ.

ಗಣಿತ ಅಂತ ಹೆದರಬೇಡಿ, ನಮ್ಮೂರಿನದ್ದೇ ಒಂದು ಉದಾಹರಣೆ ತಗೊಳ್ಳುತ್ತೇನೆ. ಉಡುಪಿ ಕಡೆ ಮಳೆಗಾಲದ ಜ್ವರ ಅಂದರೆ ಡೆಂಗಿಯೋ ಮಲೇರಿಯವೋ ಇಲಿಜ್ವರವೋ ಅನ್ನುವ ಗೊಂದಲ ಇದ್ದದ್ದೇ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಹಾಗಾಗಿ ಗದ್ದೆಗೆ ಇಳಿದಿದ್ದೀರಾ ಅಂತ ಡಾಕ್ಟರು ಕೇಳುತ್ತಾರೆ. ಕಣ್ಣು ಕೆಂಪಾಗಿದೆಯಾ, ಆದರೆ ಪಿಚ್ಚು ಇಲ್ಲವಾ ಅಂತಲೂ ನೋಡುತ್ತಾರೆ. ಈಗ 16 ರೋಗಿಗಳ ಒಂದು ಪಟ್ಟಿಯನ್ನು ಕಲ್ಪಿಸಿಕೊಳ್ಳಿ (ಪೂರ್ತಿ ನನ್ನ ಕಲ್ಪನೆ, ಯಾವ ಆಸ್ಪತ್ರೆಯದ್ದೂ ಅಲ್ಲ). 8 ಜನರಿಗೆ ಇಲಿಜ್ವರ, 8 ಜನರಿಗೆ ಬೇರೆ ಜ್ವರ. ಮರದ ಕೆಲಸ ಏನೆಂದರೆ, ಒಂದು ಪ್ರಶ್ನೆ ಕೇಳಿ ಈ ರಾಶಿಯನ್ನು ಪಾಲು ಮಾಡುವುದು, ಆಮೇಲೆ ಪ್ರತಿ ಪಾಲಿಗೂ ಮತ್ತೊಂದು ಪ್ರಶ್ನೆ ಕೇಳುವುದು. ಮೊದಲು ಯಾವ ಪ್ರಶ್ನೆ ಕೇಳಬೇಕು ಅನ್ನುವುದೇ ಇಡೀ ವಿಷಯ.

ಗದ್ದೆಯ ಪ್ರಶ್ನೆ ಕೇಳಿದರೆ ಹೌದು ಅಂದವರು 8 ಜನ, ಅವರಲ್ಲಿ 6 ಮಂದಿಗೆ ಇಲಿಜ್ವರ. ಇಲ್ಲ ಅಂದವರು 8 ಜನ, ಅವರಲ್ಲಿ 2 ಮಂದಿಗೆ. ಕಣ್ಣಿನ ಪ್ರಶ್ನೆ ಕೇಳಿದರೆ ಕೆಂಪಾದವರು 4 ಜನ, ನಾಲ್ವರಿಗೂ ಇಲಿಜ್ವರ. ಉಳಿದ 12ರಲ್ಲಿ 4 ಮಂದಿಗೆ ಇಲಿಜ್ವರ, 8 ಮಂದಿಗೆ ಬೇರೆ.

ಪ್ರತಿ ಪಾಲಿನಲ್ಲಿ ಹೆಚ್ಚಿರುವವರ ಕಡೆ ತೀರ್ಪು ಕೊಟ್ಟರೆ ಎಷ್ಟು ತಪ್ಪಾಗುತ್ತದೆ? ಗದ್ದೆಯಲ್ಲಿ 2+2, ಅಂದರೆ 4. ಕಣ್ಣಿನಲ್ಲಿ 0+4, ಅದೂ 4. ಬರೀ ತಪ್ಪುಗಳನ್ನು ಎಣಿಸುವವನಿಗೆ ಎರಡೂ ಒಂದೇ. ಆದರೆ ಕಣ್ಣಿನ ಪ್ರಶ್ನೆ ನಾಲ್ವರ ವಿಷಯವನ್ನು ಪೂರ್ತಿ ಇತ್ಯರ್ಥ ಮಾಡಿತಲ್ಲ, ಅದಕ್ಕೆ ಬೆಲೆ ಬೇಡವೇ? ಎಂಟ್ರಪಿ ಮತ್ತು ಗಿನಿ ಬಂದದ್ದು ಈ ಬೆಲೆ ಕಟ್ಟುವುದಕ್ಕೆ.

ಎಂಟ್ರಪಿ ಶಾನನ್ 1948ರಲ್ಲಿ ಕೊಟ್ಟ ಅಳತೆ. ಒಂದು ರಾಶಿಯಲ್ಲಿ ಎಷ್ಟು ಅನಿಶ್ಚಿತತೆ ಇದೆ ಅಂತ ಬಿಟ್ ಲೆಕ್ಕದಲ್ಲಿ ಹೇಳುತ್ತದೆ. ಅರ್ಧಕ್ಕರ್ಧ ಇದ್ದರೆ 1, ಎಲ್ಲ ಒಂದೇ ಥರ ಇದ್ದರೆ 0. ಗದ್ದೆಯ ಎರಡೂ ಪಾಲುಗಳು ಮುಕ್ಕಾಲು-ಕಾಲು ಇರುವುದರಿಂದ ಎರಡಕ್ಕೂ 0.8113. ಮೊದಲಿದ್ದ 1ರಿಂದ ಇದನ್ನು ಕಳೆದರೆ 0.1887. ಈ ಇಳಿಕೆಯ ಹೆಸರೇ ಇನ್ಫರ್ಮೇಶನ್ ಗೇಯ್ನ್. ಕಣ್ಣಿನ ಪ್ರಶ್ನೆಯಲ್ಲಿ 4 ಜನರ ಪಾಲಿಗೆ 0, 12 ಜನರ ಪಾಲಿಗೆ 0.9183. ತಲೆಲೆಕ್ಕದಲ್ಲಿ ಹಂಚಿ ಸರಾಸರಿ ಮಾಡಿದರೆ 0.6887, ಗೇಯ್ನ್ 0.3113. ಕಣ್ಣು ಗೆದ್ದಿತು.

ಗಿನಿ ಇನ್ನೂ ಸರಳ. ರಾಶಿಗೆ ಕೈ ಹಾಕಿ ಒಬ್ಬರನ್ನು ಎತ್ತಿ, ವಾಪಸ್ ಹಾಕಿ, ಮತ್ತೊಮ್ಮೆ ಎತ್ತಿ. ಎರಡು ಸಲವೂ ಬೇರೆ ಬೇರೆ ಜ್ವರದವರು ಬರುವ ಸಂಭವ ಎಷ್ಟೋ ಅಷ್ಟು ಗಿನಿ. (ಪೇಪರಿನಲ್ಲಿ ಬರುವ ಬಡವ-ಬಲ್ಲಿದರ ಅಂತರದ ಗಿನಿ ಗುಣಾಂಕ ಬೇರೆ. ಹೆಸರು ಮಾತ್ರ ಅದೇ ಇಟಾಲಿಯನ್ ಮಹಾಶಯನದ್ದು.) ಮೊದಲು 0.5 ಇತ್ತು. ಗದ್ದೆಯ ಪ್ರಶ್ನೆಯಿಂದ ಅದು 0.125 ಇಳಿಯಿತು, ಕಣ್ಣಿನಿಂದ 0.1667 ಇಳಿಯಿತು. ಇಲ್ಲೂ ಕಣ್ಣೇ ಗೆದ್ದಿತು.

ಎರಡೂ ಒಂದೇ ತೀರ್ಪು ಕೊಟ್ಟದ್ದು ಕಾಕತಾಳೀಯ ಅಲ್ಲ. ಎರಡೂ ಬಿಲ್ಲಿನ ಹಾಗೆ ಬಾಗಿದ ಗೆರೆಗಳು: ನಡುವೆ ಎತ್ತರ, ಎರಡು ತುದಿಯಲ್ಲಿ ಸೊನ್ನೆ. ತಪ್ಪೆಣಿಕೆಯ ಗೆರೆ ಮಾತ್ರ ಮನೆಯ ಮಾಡಿನ ಹಾಗೆ ನೇರ ಇಳಿಜಾರು. ಬಾಗು ಇರುವುದರಿಂದಲೇ ಪೂರ್ತಿ ಶುದ್ಧವಾದ ಪಾಲಿಗೆ ಹೆಚ್ಚು ಅಂಕ ಸಿಗುವುದು. 2004ರಲ್ಲಿ ರೈಲೆಯಾನು ಮತ್ತು ಸ್ಟೋಫೆಲ್ ಎಂಬಿಬ್ಬರು ಇದನ್ನೇ ಕೂತು ಲೆಕ್ಕ ಹಾಕಿ, ಇವೆರಡೂ ಭಿನ್ನಮತ ತೋರುವುದು ಹೆಚ್ಚೆಂದರೆ ನೂರಕ್ಕೆ 2 ಸಲ ಅಂತ ಬರೆದರು. ನಮ್ಮ ಹುಡುಗರು ಇಡೀ ಸಂಜೆ ಕಚ್ಚಾಡುವುದು ಆ ಎರಡಕ್ಕೆ!

ಈಗ ಕಳ್ಳನನ್ನು ಕರೆಯೋಣ. ಪಟ್ಟಿಯಲ್ಲಿ ಊರು ಅಂತ ಒಂದು ಕಾಲಂ ಇದೆ: ಕಾಪು, ಕಟಪಾಡಿ, ಶಿರ್ವ, ಹಿರಿಯಡ್ಕ, ಬೈಲೂರು, ಕಾರ್ಕಳ ಹೀಗೆ 8 ಊರು, ಊರಿಗೆ ಇಬ್ಬರಂತೆ. 4 ಊರುಗಳಲ್ಲಿ ಒಬ್ಬರಿಗೆ ಇಲಿಜ್ವರ, ಇನ್ನೊಬ್ಬರಿಗೆ ಬೇರೆ. 2 ಊರುಗಳಲ್ಲಿ ಇಬ್ಬರಿಗೂ ಇಲಿಜ್ವರ. ಇನ್ನೆರಡು ಊರುಗಳಲ್ಲಿ ಇಬ್ಬರಿಗೂ ಬೇರೆ. ಮರ ಊರಿನ ಪ್ರಕಾರ 8 ಕವಲೊಡೆದರೆ ಗೇಯ್ನ್ ಎಷ್ಟು? 0.5! ಕೆಂಪು ಕಣ್ಣು ಸೋತು ಹೋಯಿತು. ಗಿನಿಯ ಇಳಿಕೆ 0.25, ಅದರ ಪ್ರಕಾರವೂ ಕಣ್ಣು ಸೋತಿತು.

ಇನ್ನೂ ಮಜಾ ಬೇಕಾದರೆ ಓಪಿ ನಂಬರಿನ ಕಾಲಂ ಹಾಕಿ. ಒಬ್ಬೊಬ್ಬರಿಗೂ ಒಂದೊಂದು ನಂಬರು, 16 ಕವಲು, ಪ್ರತಿ ಕವಲಿನಲ್ಲಿ ಒಬ್ಬನೇ ರೋಗಿ. ಒಬ್ಬನೇ ಇರುವ ರಾಶಿ ಶುದ್ಧವಾಗಿರದೆ ಇನ್ನೇನು? ಗೇಯ್ನ್ ಪೂರ್ತಿ 1, ಗಿನಿಯ ಇಳಿಕೆ ಪೂರ್ತಿ 0.5. ಶತಕೋಟಿ ರಾಮ ರಾಮ... 17ನೇ ರೋಗಿ ಬಂದರೆ ಅವನಿಗೆ ಕವಲೇ ಇಲ್ಲ.

ಕಾಲೇಜುಗಳಲ್ಲಿ ಪಾಠ ಮಾಡುವುದು ಕ್ವಿನ್ಲನ್ 1986ರಲ್ಲಿ ಕೊಟ್ಟ 14 ದಿನಗಳ ಹವಾಮಾನದ ಪಟ್ಟಿ. ಆಡಲು ಹೋಗಬಹುದಾದ ದಿನ 9, ಬೇಡವಾದದ್ದು 5. ಮೋಡವೋ ಬಿಸಿಲೋ ಅನ್ನುವ ಕಾಲಮ್ಮಿಗೆ ಗೇಯ್ನ್ 0.247, ಅದೇ ಬೇರು ಅಂತ ಬೋರ್ಡಿನ ಮೇಲೆ ಬರೆದು ಪಾಠ ಮುಗಿಸುತ್ತಾರೆ. ಎಡತುದಿಯಲ್ಲಿ 1ರಿಂದ 14ರ ತನಕ ಕ್ರಮಸಂಖ್ಯೆ ಇದೆಯಲ್ಲ, ಅದರ ಗೇಯ್ನ್ ಎಷ್ಟು ಅಂತ ಕೇಳುವ ಮೇಷ್ಟ್ರು ಅಪರೂಪ. ಅದು 0.940, ಇರುವ ಎಂಟ್ರಪಿ ಪೂರ್ತಿ. ಅದನ್ನು ಸುಮ್ಮನೆ ಬದಿಗಿಟ್ಟು ಲೆಕ್ಕ ಮಾಡಿಸುವುದರಿಂದ ಹುಡುಗರಿಗೆ ಸೂತ್ರ ಬರುತ್ತದೆ, ಸೂತ್ರ ಎಲ್ಲಿ ಮುಗ್ಗರಿಸುತ್ತದೆ ಅನ್ನುವುದು ಬರುವುದಿಲ್ಲ.

ಕ್ವಿನ್ಲನ್‌ಗೆ ಇದು ಗೊತ್ತಿತ್ತು. ಅದೇ ಲೇಖನದಲ್ಲಿ ಗೇಯ್ನ್ ರೇಶಿಯೋ ಎಂಬ ಮದ್ದನ್ನೂ ಕೊಟ್ಟ. ರಾಶಿಯನ್ನು ಎಷ್ಟು ಚೂರು ಮಾಡಿದೆಯೋ ಅದರ ಎಂಟ್ರಪಿಯಿಂದ ಗೇಯ್ನನ್ನು ಭಾಗಿಸುವುದು, ಅಂದರೆ ಚೂರು ಮಾಡಿದ್ದಕ್ಕೆ ದಂಡ. ನಮ್ಮ ಪಟ್ಟಿಯಲ್ಲಿ ಕಣ್ಣಿಗೆ 0.3113 ಭಾಗ 0.8113, ಅಂದರೆ 0.384. ಓಪಿ ನಂಬರಿಗೆ 1 ಭಾಗ 4, ಅಂದರೆ 0.25. ಗದ್ದೆಗೆ 0.189, ಊರಿಗೆ 0.167. ಕಣ್ಣು ಗೆದ್ದಿತು, ಸಂತೋಷ. ಆದರೆ ದಂಡ ತೆತ್ತ ಮೇಲೂ ಓಪಿ ನಂಬರು ಗದ್ದೆಯ ಪ್ರಶ್ನೆಗಿಂತ ಮುಂದೆ ನಿಂತದ್ದನ್ನು ಗಮನಿಸಿದಿರಾ? ಸಾಲದ್ದಕ್ಕೆ ಕ್ವಿನ್ಲನ್ ಒಂದು ಷರತ್ತನ್ನೂ ಹಾಕಿದ್ದ: ಗೇಯ್ನ್ ಸರಾಸರಿಗಿಂತ ಕಡಿಮೆ ಇಲ್ಲದ ಕಾಲಂಗಳು ಮಾತ್ರ ಈ ಸ್ಪರ್ಧೆಗೆ ಬರಬೇಕು. ನಮ್ಮ ನಾಲ್ಕು ಕಾಲಂಗಳ ಸರಾಸರಿ ಸರಿಯಾಗಿ 0.5. ಒಳಗೆ ಬರುವುದು ಓಪಿ ನಂಬರು ಮತ್ತು ಊರು, ಗೆಲ್ಲುವುದು ಓಪಿ ನಂಬರು! ಓಪಿ ನಂಬರನ್ನು ನಾವೇ ಕಿತ್ತು ಹಾಕಿದರೆ ಸರಾಸರಿ 0.333, ಆಗ ಒಳಗೆ ಬರುವುದು ಊರು ಒಂದೇ.

“ನಾವು ಉಪಯೋಗಿಸುವುದು ಕಾರ್ಟ್, ಅದು ಯಾವಾಗಲೂ ಎರಡೇ ಪಾಲು ಮಾಡುತ್ತದೆ” ಅಂತ ಗಿನಿ ಪಕ್ಷದವರು ಎದ್ದು ನಿಲ್ಲುತ್ತಾರೆ. 1984ರಲ್ಲಿ ಬ್ರೈಮನ್ ಮತ್ತು ಸಂಗಡಿಗರು ಕೊಟ್ಟ ಆ ವಿಧಾನ ಚೂರುಚೂರು ಮಾಡುವುದಿಲ್ಲ, ನಿಜ. ಆದರೆ 8 ಊರುಗಳನ್ನು ಎರಡು ಗುಂಪು ಮಾಡಲು 127 ದಾರಿಗಳಿವೆ. ಕೆಂಪು ಕಣ್ಣಿಗೆ ಇರುವುದು ಒಂದೇ ದಾರಿ. 127 ಲಾಟರಿ ಟಿಕೆಟ್ ಕೊಂಡವನಿಗೂ ಒಂದು ಕೊಂಡವನಿಗೂ ಸಮನಾಗಿ ಬಹುಮಾನ ಬಂದರೆ ಯಾರ ಟಿಕೆಟ್ ಒಳ್ಳೆಯದು ಅಂತೀರಿ? ನಮ್ಮ ಪಟ್ಟಿಯಲ್ಲಿ ಆಗುವುದು ಅದೇ. ಆ 127ರಲ್ಲಿ ಅತ್ಯುತ್ತಮವಾದದ್ದು ಗಿನಿಯನ್ನು 0.1667 ಇಳಿಸುತ್ತದೆ, ಕಣ್ಣಿನಷ್ಟೇ.

ಹಾಗಾದರೆ ಊರಿನ ಕಾಲಂ ನಿಜವಾಗಿ ಏನಾದರೂ ಹೇಳುತ್ತಿದೆಯಾ? ಪರೀಕ್ಷೆ ಸುಲಭ. ಯಾರಿಗೆ ಯಾವ ಜ್ವರ ಎಂಬ ಕಾಲಮ್ಮನ್ನು ಇಸ್ಪೀಟ್ ಎಲೆಯ ಹಾಗೆ ಕಲಸಿಬಿಡಿ. ಈಗ ಊರಿಗೂ ಜ್ವರಕ್ಕೂ ಸಂಬಂಧವೇ ಇಲ್ಲ. ಆಗಲೂ ಗೇಯ್ನ್ ಎಷ್ಟು ಬರುತ್ತದೆ ನೋಡಿ.

```python
import numpy as np

def H(y):
    p = np.bincount(y) / len(y)
    p = p[p > 0]
    return -(p * np.log2(p)).sum()

def gain(x, y):
    return H(y) - sum((x == v).mean() * H(y[x == v])
                      for v in set(x))

x = np.repeat(np.arange(8), 2)
y = np.array([1,1,1,1,0,0,0,0,1,0,1,0,1,0,1,0])
g = [gain(x, np.random.permutation(y)) for _ in range(2000)]
print(gain(x, y), np.mean(g), np.mean(np.array(g) > 0.499))
```

ಮೊದಲ ಅಂಕೆ 0.5. ಎರಡನೆಯದು 0.47ರ ಆಸುಪಾಸು: ಸಂಬಂಧವನ್ನು ಪೂರ್ತಿ ಕಡಿದ ಮೇಲೂ ಊರಿಗೆ ಅಷ್ಟು ಗೇಯ್ನ್ ಪುಕ್ಕಟೆ ಸಿಗುತ್ತದೆ. ಮೂರನೆಯದು 0.70ರ ಹತ್ತಿರ, ಅಂದರೆ ನೂರು ಸಲ ಕಲಸಿದರೆ ಸುಮಾರು 70 ಸಲ ಊರು ಇಷ್ಟೋ ಇದಕ್ಕಿಂತ ಹೆಚ್ಚೋ ಗಳಿಸುತ್ತದೆ. ಕೆಂಪು ಕಣ್ಣು 0.3113 ಮುಟ್ಟುವುದು ನೂರಕ್ಕೆ ಸುಮಾರು 8 ಸಲ, ಗದ್ದೆ 0.1887 ಮುಟ್ಟುವುದು 13 ಸಲ. ಓಪಿ ನಂಬರು? ನೂರಕ್ಕೆ ನೂರು ಸಲವೂ 1. ಈಗ ಸಾಲು ನೋಡಿ: ಕಣ್ಣು, ಗದ್ದೆ, ಊರು, ಓಪಿ ನಂಬರು. ಗೇಯ್ನ್ ಹೇಳಿದ್ದು ಓಪಿ ನಂಬರು, ಊರು, ಕಣ್ಣು, ಗದ್ದೆ ಅಂತ. 16 ಜನರ ಪಟ್ಟಿಯಲ್ಲಿ ನೂರಕ್ಕೆ 8 ಅನ್ನುವುದೂ ದೊಡ್ಡ ಪುರಾವೆಯೇನಲ್ಲ, ಆದರೆ ಸಾಲಾದರೂ ಸರಿಯಾಯಿತು. ಇದೇ ವಿಚಾರವನ್ನು ಹೋಥಾರ್ನ್ ಮತ್ತಿತರರು 2006ರಲ್ಲಿ ಮರದ ಒಳಗೇ ಇಟ್ಟರು: ಮೊದಲು ಯಾವ ಕಾಲಂ ಅಂತ ಪರೀಕ್ಷೆ ಮಾಡಿ ಆರಿಸು, ಎಲ್ಲಿ ಕಡಿಯಬೇಕು ಅನ್ನುವುದು ಆಮೇಲೆ.

“ಓಪಿ ನಂಬರನ್ನು ಯಾವ ದಡ್ಡ ಹಾಕುತ್ತಾನೆ ಸ್ವಾಮೀ?” ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಆ ಹೆಸರಿನಲ್ಲಿ ಯಾರೂ ಹಾಕುವುದಿಲ್ಲ. ಪಿನ್‌ಕೋಡ್ ಅಂತ ಹಾಕುತ್ತಾರೆ, ದಾಖಲಾದ ತಾರೀಕು ಅಂತ ಹಾಕುತ್ತಾರೆ, ಊರು ಅಂತ ಹಾಕುತ್ತಾರೆ. ಆಮೇಲೆ `feature_importances_` ತೆರೆದು, ಅತ್ಯಂತ ಮುಖ್ಯವಾದ ಅಂಶ ಊರು ಅಂತ ಬಣ್ಣದ ಪಟ್ಟಿ ಎಳೆದು ಸೆಮಿನಾರಿನಲ್ಲಿ ತೋರಿಸುತ್ತಾರೆ. ಆ ಅಂಕೆ ಇದೇ ಗಿನಿ ಇಳಿಕೆಗಳನ್ನು ಕೂಡಿಸಿದ್ದು, ಬೇರೇನಲ್ಲ. ಊರಿಗೂ ಇಲಿಜ್ವರಕ್ಕೂ ನಂಟು ಇರಬಾರದು ಅಂತ ನಾನು ಹೇಳುತ್ತಿಲ್ಲ, ಗದ್ದೆ ಹೆಚ್ಚಿರುವ ಕಡೆ ಇರಲೂಬಹುದು. ಆದರೆ ಅದನ್ನು ಊರಿಗಿಬ್ಬರನ್ನು ನೋಡಿ ಹೇಳಲು ಬರುವುದಿಲ್ಲ. ನೂರಾರು ಜನರಿದ್ದರೆ, ಅಥವಾ ಊರುಗಳನ್ನು ಗದ್ದೆಯ ಊರು, ಕಡಲ ಬದಿ, ಪೇಟೆ ಅಂತ ಮೂರು ಗುಂಪು ಮಾಡಿದರೆ ಆ ಪುಕ್ಕಟೆ ಗೇಯ್ನ್ ಇಳಿಯುತ್ತದೆ, ಉಳಿದದ್ದು ಕಾಣುತ್ತದೆ. ಇಲ್ಲವಾದರೆ ಆ ಬಣ್ಣದ ಪಟ್ಟಿ ನಂಬಿ ಒಂದೂರಿನವರಿಗೆಲ್ಲ ಮಾತ್ರೆ ಹಂಚಿ, ಗದ್ದೆಯಿಂದ ನೇರ ಬಂದ ಪಕ್ಕದೂರಿನವನನ್ನು “ಇದು ಮಾಮೂಲಿ ಜ್ವರ” ಅಂತ ಮನೆಗೆ ಕಳಿಸಿದಂತಾಗುತ್ತದೆ.

ಗಿನಿ ಪಕ್ಷದವರೂ ಎಂಟ್ರಪಿ ಪಕ್ಷದವರೂ ನಿಮ್ಮ ನಿಮ್ಮ ಪಟ್ಟಿಗಳನ್ನು ಒಮ್ಮೆ ಕಲಸಿ, ಪುಕ್ಕಟೆ ಗೇಯ್ನ್ ಎಷ್ಟು ಬಂತು ಅಂತ ಕೆಳಗೆ ಬರೆಯಿರಿ. ಕಾಯುತ್ತಿರುತ್ತೇನೆ.