ಇನ್‌ಸ್ಟಾದ ಬೀಗ ಫೇಸ್‌ಬುಕ್ಕಿನಲ್ಲಿ ನಡೆಯುವುದಿಲ್ಲ

ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕುವಾಗ, ಅದನ್ನು ಫೇಸ್‌ಬುಕ್ಕಿಗೂ ಹಾಕಬೇಕೆ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡುತ್ತದೆ. ಅವಸರದಲ್ಲಿ ಒಮ್ಮೆ ಒಪ್ಪಿಬಿಟ್ಟರೆ, ಆ ಒಪ್ಪಿಗೆ ಮುಂದಿನ ಫೋಟೊಗಳಿಗೂ ಅನ್ವಯವಾಗಬಹುದು. ಈ ವ್ಯವಹಾರವೆಲ್ಲ ನಡೆಯುವ ಜಾಗಕ್ಕೆ Accounts Center ಎಂದು ಹೆಸರು. ಎರಡೂ ಆ್ಯಪ್‌ಗಳ ಒಡೆತನವಿರುವ ಮೆಟಾ ಕಂಪನಿ (ಆಗಿನ ಹೆಸರು ಫೇಸ್‌ಬುಕ್) 2020ರಲ್ಲಿ ಇದನ್ನು ತಂದಿತು. ಯಾವ ಆ್ಯಪ್‌ನ ಸೆಟ್ಟಿಂಗ್ಸ್ ತೆರೆದರೂ ಇದು ಸಿಗುತ್ತದೆ.

ಧಾರವಾಡದ ಒಬ್ಬ ಉಪನ್ಯಾಸಕಿ ಇದ್ದಾರೆ ಎಂದುಕೊಳ್ಳೋಣ. ಅವರ ಇನ್‌ಸ್ಟಾ ಖಾತೆ ಪ್ರೈವೇಟ್. ತಾವು ಒಪ್ಪಿಗೆ ಕೊಟ್ಟ ಗೆಳತಿಯರಷ್ಟೇ ಅಲ್ಲಿ ಅವರ ಫೋಟೊ ನೋಡಬಲ್ಲರು. ಫೇಸ್‌ಬುಕ್ಕಿನಲ್ಲಾದರೆ ನೆಂಟರು, ಸಹೋದ್ಯೋಗಿಗಳು, ಹಳೆಯ ವಿದ್ಯಾರ್ಥಿಗಳು ಎಲ್ಲರೂ ಇದ್ದಾರೆ, ಪೋಸ್ಟ್‌ಗಳು ಯಾರಿಗೆ ಕಾಣಬೇಕು ಎಂಬಲ್ಲಿ 'ಪಬ್ಲಿಕ್' ಎಂದಿದೆ. ಎರಡು ಖಾತೆಗಳನ್ನೂ ಜೋಡಿಸಿ, ತಾನಾಗಿ ಹಂಚುವ ಆಯ್ಕೆಯನ್ನು ಅವರು ಆನ್ ಮಾಡಿದ್ದಾರೆ. ಗೋಕರ್ಣಕ್ಕೆ ಹೋದಾಗಿನ ಫೋಟೊವನ್ನು ಇನ್‌ಸ್ಟಾಗೆ ಹಾಕುತ್ತಾರೆ. ಫೇಸ್‌ಬುಕ್ಕಿನಲ್ಲಿ ಅದು ಊರಿಗೆಲ್ಲ ಕಾಣುತ್ತದೆ.

ಇದು ತಾಂತ್ರಿಕ ದೋಷವಲ್ಲ. 'ಪ್ರೈವೇಟ್' ಎಂಬ ಬೀಗ ಇರುವುದು ಇನ್‌ಸ್ಟಾ ಖಾತೆಗೆ, ಫೋಟೊಗಲ್ಲ. ಫೇಸ್‌ಬುಕ್ಕಿಗೆ ಹೋದದ್ದು ಅದರ ಒಂದು ಪ್ರತಿ. ಅಲ್ಲಿ ಅದು ಹೊಸ ಪೋಸ್ಟ್ ಆಗುತ್ತದೆ, ಯಾರು ನೋಡಬಹುದು ಎಂಬುದನ್ನು ಫೇಸ್‌ಬುಕ್ಕಿನ ಆಯ್ಕೆಯೇ ತೀರ್ಮಾನಿಸುತ್ತದೆ. ಗಾಬರಿಯಾಗಿ ಇನ್‌ಸ್ಟಾದಲ್ಲಿ ಅಳಿಸಿದರೂ ಫೇಸ್‌ಬುಕ್ಕಿನ ಪ್ರತಿ ಉಳಿದುಕೊಳ್ಳುತ್ತದೆ. ಅದನ್ನು ಅಲ್ಲಿಗೇ ಹೋಗಿ ಅಳಿಸಬೇಕು. ಯಾವ ಪೋಸ್ಟ್ ಯಾರಿಗೆ ಕಾಣುತ್ತಿದೆ ಎಂದು ತಿಳಿಯುವುದು ಸುಲಭ: ಫೇಸ್‌ಬುಕ್ಕಿನಲ್ಲಿ ನಿಮ್ಮ ಹೆಸರಿನ ಕೆಳಗೆ, ಸಮಯದ ಪಕ್ಕದಲ್ಲಿ ಪುಟ್ಟ ಭೂಗೋಳದ ಗುರುತಿದ್ದರೆ ಎಲ್ಲರಿಗೂ, ಇಬ್ಬರು ಮನುಷ್ಯರ ಗುರುತಿದ್ದರೆ ಸ್ನೇಹಿತರಿಗೆ ಮಾತ್ರ.

ಸರಿಪಡಿಸಲು Accounts Center ಒಳಗೆ Connected experiences, ಅದರಲ್ಲಿ Sharing across profiles ಒತ್ತಿ, ಇನ್‌ಸ್ಟಾ ಪ್ರೊಫೈಲ್ ಆರಿಸಿಕೊಳ್ಳಬೇಕು. ಸ್ಟೋರಿ, ಪೋಸ್ಟ್, ರೀಲ್ಸ್‌ಗೆ ಬೇರೆ ಬೇರೆ ಸ್ವಿಚ್‌ಗಳಿವೆ. ಒಂದನ್ನು ಆಫ್ ಮಾಡಿದರೆ ಉಳಿದವು ಆಫ್ ಆಗುವುದಿಲ್ಲ. ಈಗ ಮಾಡುವ ಬದಲಾವಣೆ ಮುಂದೆ ಹಾಕುವವುಗಳಿಗೆ ಮಾತ್ರ, ಆಗಲೇ ಹೋದವು ಹೋದಲ್ಲೇ ಇರುತ್ತವೆ.

ಬಹುಪಾಲು ಜನ ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿದಿಲ್ಲ. ಹಂಚಿಕೆ ನಿಂತರೂ ಖಾತೆಗಳ ಜೋಡಣೆ ಹಾಗೆಯೇ ಇರುತ್ತದೆ. ಒಂದೇ ಸೆಂಟರ್‌ನಲ್ಲಿರುವ ಖಾತೆಗಳ ಮಾಹಿತಿಯನ್ನು ಒಟ್ಟಾಗಿ ಬಳಸುತ್ತೇವೆ ಎಂದು ಮೆಟಾ ಬಚ್ಚಿಡದೆ ಹೇಳುತ್ತದೆ. ಇನ್‌ಸ್ಟಾದಲ್ಲಿ ನೀವು ನೋಡುತ್ತಾ ಕೂತ ಒಡವೆಯ ರೀಲ್ಸ್ ಫೇಸ್‌ಬುಕ್ಕಿನ ಜಾಹೀರಾತಿಗೆ ದಾರಿಯಾಗಬಹುದು. ನಿಮಗೆ ಯಾರನ್ನು ಪರಿಚಯಿಸಬೇಕು ಎಂಬ ಸಲಹೆಗಳಿಗೂ ಈ ಮಾಹಿತಿ ಬಳಕೆಯಾಗುತ್ತದೆ. ಕಾವ್ಯನಾಮದಲ್ಲಿ ಬರೆಯುವವರು, ಮನೆಯವರಿಗೆ ತಿಳಿಸದೆ ಇನ್ನೊಂದು ಖಾತೆ ಇಟ್ಟುಕೊಂಡವರು ಅದನ್ನು ಸ್ವಂತ ಹೆಸರಿನ ಖಾತೆಗೆ ಜೋಡಿಸಲೇಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಹಾಗೆಂದು ಎಲ್ಲವೂ ಬೆರೆತುಹೋಗುತ್ತದೆ ಎಂಬ ಭಯ ಬೇಡ. ಸ್ನೇಹಿತರ ಪಟ್ಟಿ, ಇನ್‌ಬಾಕ್ಸಿನ ಸಂದೇಶಗಳು ಜೋಡಣೆಯಿಂದಷ್ಟೇ ಆಚೀಚೆ ಹೋಗುವುದಿಲ್ಲ, ಪಾಸ್‌ವರ್ಡ್‌ಗಳೂ ಬೇರೆಯಾಗಿಯೇ ಇರುತ್ತವೆ.

ಹೆಚ್ಚು ಅಪಾಯವಿರುವುದು ಇನ್ನೊಂದು ಕಡೆ. ಕಳ್ಳರು ಯಾರದೋ ಫೇಸ್‌ಬುಕ್ ಖಾತೆಗೆ ನುಗ್ಗಿ, ಅದರ ಸೆಂಟರ್‌ಗೆ ತಮ್ಮದೊಂದು ಇನ್‌ಸ್ಟಾ ಖಾತೆಯನ್ನು ಸೇರಿಸಿದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಆ ಇನ್‌ಸ್ಟಾ ಖಾತೆಯಲ್ಲಿ ನಿಯಮ ಮೀರಿದ ಏನನ್ನೋ ಹಾಕುತ್ತಾರೆ. ಅದು ಅಮಾನತಾದಾಗ, ಜೋಡಣೆಯ ಕಾರಣಕ್ಕೆ ಅಮಾಯಕರ ಫೇಸ್‌ಬುಕ್ ಕೂಡ ಅಮಾನತಾಗುತ್ತದೆ. ಆದ್ದರಿಂದ ಸೆಂಟರ್‌ನಲ್ಲಿ Accounts ಎಂಬ ಪಟ್ಟಿಯನ್ನು ಆಗಾಗ ತೆರೆದು ನೋಡಿ. ನಿಮ್ಮದಲ್ಲದ ಹೆಸರು ಕಂಡರೆ ಆ ಕ್ಷಣವೇ ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿ. ಎರಡು ಹಂತದ ಭದ್ರತೆಯನ್ನು ಪ್ರತಿ ಖಾತೆಗೂ ಬೇರೆಬೇರೆಯಾಗಿ ಆನ್ ಮಾಡಬೇಕು. ಒಂದಕ್ಕೆ ಹಾಕಿದ್ದು ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲ.

ಜೋಡಣೆಯೇ ಬೇಡ ಎನ್ನುವವರು ಅದೇ Accounts ಪಟ್ಟಿಯಲ್ಲಿ ಖಾತೆಯ ಪಕ್ಕದ Remove ಒತ್ತಬಹುದು. ಒಂದೇ ಕಂಪನಿಯ ಆ್ಯಪ್‌ಗಳಾದ್ದರಿಂದ ಇದರಿಂದ ಮಾಹಿತಿಯ ಓಡಾಟ ಪೂರ್ತಿ ನಿಲ್ಲುವುದಿಲ್ಲ. ಯುರೋಪ್ ಒಕ್ಕೂಟದಲ್ಲಿ ಮಾತ್ರ, ಅಲ್ಲಿನ ಹೊಸ ಕಾನೂನಿನಂತೆ, 2024ರಿಂದ ಎರಡನ್ನೂ ಬೇರೆಯಾಗಿಡುವ ಆಯ್ಕೆಯನ್ನು ಮೆಟಾ ಕೊಡಬೇಕಾಯಿತು. ತೆಗೆಯುವ ಮುನ್ನ ಇನ್ನೊಂದು ಕೆಲಸವಿದೆ. ಎಷ್ಟೋ ಜನ ವರ್ಷಗಟ್ಟಲೆ ಫೇಸ್‌ಬುಕ್ ಮೂಲಕವೇ ಇನ್‌ಸ್ಟಾಗೆ ಹೋಗುತ್ತಿರುತ್ತಾರೆ, ಅದರ ಪಾಸ್‌ವರ್ಡ್ ಮರೆತೇಹೋಗಿರುತ್ತದೆ. ಜೋಡಣೆ ಕಡಿದ ಮೇಲೆ ಆ ದಾರಿ ಮುಚ್ಚುತ್ತದೆ. ಇನ್‌ಸ್ಟಾದಲ್ಲಿ ನಿಮ್ಮ ಈಗಿನ ಫೋನ್ ನಂಬರ್ ಮತ್ತು ಇಮೇಲ್ ಇದೆಯೇ ನೋಡಿಕೊಂಡು, ಹೊಸ ಪಾಸ್‌ವರ್ಡ್ ಹಾಕಿ, ಅದರಿಂದ ಒಮ್ಮೆ ಲಾಗಿನ್ ಆಗಿ ನೋಡಿ, ಆಮೇಲೆ Remove ಒತ್ತಿ.