ಹನ್ನೆರಡು ನಿಮಿಷಕ್ಕೊಂದು ವೇಳಾಪಟ್ಟಿ

ಮುಂಬೈಯ ಕಚೇರಿಗಳಲ್ಲಿ ಕೆಲಸಕ್ಕಿರುವ ನಮ್ಮ ಕರಾವಳಿಯ ಬ್ಯಾರಿ, ನವಾಯತ ಹುಡುಗರು ನಮಾಝಿಗೆ ಬಿಡುವು ಕೇಳುವಾಗ ಸಾಮಾನ್ಯವಾಗಿ ಹೇಳುವುದು ಹೀಗೆ: "ಸರ್, ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಹೊತ್ತು ಹೋಗಿ ಬರ್ತೇನೆ." ಕೇಳುವವನಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮ್ಯಾನೇಜರ್ ಕಿವಿಗೆ ಬೀಳುವುದು ಮಾತ್ರ ಬೇರೆ: ಯಾವಾಗ ಎಂದು ಗೊತ್ತಿಲ್ಲದ, ಎಷ್ಟು ಹೊತ್ತು ಎಂದೂ ಗೊತ್ತಿಲ್ಲದ ಒಂದು ಖಾಲಿ ಕುರ್ಚಿ. ಅವರು ಬೇಡ ಎಂದರೆ ಅದು ಧರ್ಮದ್ವೇಷವೇ ಆಗಬೇಕಿಲ್ಲ, ಲೆಕ್ಕ ಸಿಗದ್ದೂ ಕಾರಣ ಇರಬಹುದು. ಹಾಗಾಗಿ ಲೆಕ್ಕವನ್ನು ನಾವೇ ಮಾಡಿಕೊಟ್ಟರೆ ಒಳ್ಳೆಯದು. ಅಂಧೇರಿಯ ಕಚೇರಿಯೊಂದರ ಗ್ರಾಹಕ ಸೇವಾ ವಿಭಾಗದಲ್ಲಿ ನಾನು ಮಾಡಿದ್ದೂ ಅಷ್ಟೇ.

ಮೊದಲು ತಿಳಿಯಬೇಕಾದ್ದು, ನಮಾಝಿಗೆ ಇರುವುದು ಗಡಿಯಾರದ ಒಂದು ನಿಮಿಷವಲ್ಲ, ಒಂದು ಅವಧಿ. ಬಾಂಗ್ ಕೊಟ್ಟ ಕೂಡಲೇ ಏಳಬೇಕೆಂದೇನಿಲ್ಲ, ಆ ಅವಧಿಯೊಳಗೆ ಮುಗಿಸಿದರಾಯಿತು. ನನ್ನ ಪಾಳಿ ಬೆಳಿಗ್ಗೆ 9.30ರಿಂದ ಸಂಜೆ 6.30. ಸುಬಹಿ ಮತ್ತು ಇಶಾ ಮನೆಯಲ್ಲೇ ಆಗುತ್ತವೆ. ಉಳಿದದ್ದು ಮೂರು.

ಮಧ್ಯಾಹ್ನದ ಝುಹರ್, ನಮ್ಮೂರ ಬಾಯಲ್ಲಿ ಲುಹರ್. ಮುಂಬೈಯಲ್ಲಿ ಸೂರ್ಯ ನೆತ್ತಿ ದಾಟುವುದು ನವೆಂಬರ್ ಆರಂಭದಲ್ಲಿ ಸುಮಾರು 12.22ಕ್ಕೆ, ಫೆಬ್ರುವರಿ ನಡುವೆ 12.53ಕ್ಕೆ. ಅಲ್ಲಿಂದ ಅಸರ್ ಶುರುವಾಗುವವರೆಗೆ ಮೂರು ಗಂಟೆಗೂ ಹೆಚ್ಚು ಸಮಯವಿದೆ. ಒಂದೂವರೆಯ ಊಟದ ಬಿಡುವು ವರ್ಷವಿಡೀ ಇದರೊಳಗೇ ಬೀಳುತ್ತದೆ. ಇದಕ್ಕೆ ಪ್ರತ್ಯೇಕ ಬಿಡುವು ಬೇಕಿಲ್ಲ.

ಸಂಜೆಯ ಮಗ್ರಿಬ್ ಬಗ್ಗೆ ಗೊಂದಲ ಜಾಸ್ತಿ, ಏಕೆಂದರೆ ಇದರ ಅವಧಿ ಚಿಕ್ಕದು: ಸೂರ್ಯಾಸ್ತದಿಂದ ಸುಮಾರು ಒಂದೂಕಾಲು ಗಂಟೆ. ಇಲ್ಲಿ ಸೂರ್ಯ ಮುಳುಗುವುದು ನವೆಂಬರ್ ಕೊನೆಗೆ ಆರು ಗಂಟೆಯ ಹೊತ್ತಿಗೆ, ಜುಲೈಯಲ್ಲಿ 7.20ರ ಹೊತ್ತಿಗೆ. ಪಾಳಿ ಮುಗಿಯುವ ಮೊದಲೇ ಸೂರ್ಯಾಸ್ತವಾಗುವುದು ಅಕ್ಟೋಬರ್‌ನಿಂದ ಜನವರಿವರೆಗಿನ ನಾಲ್ಕು ತಿಂಗಳು ಮಾತ್ರ. ಆ ದಿನಗಳಲ್ಲೂ 6.30ಕ್ಕೆ ಲಾಗೌಟ್ ಮಾಡಿ, ಲೋಕಲ್ ಹಿಡಿಯುವ ಮೊದಲು ನಮಾಝ್ ಮಾಡಿದರೆ ಹೊತ್ತು ಮೀರುವುದಿಲ್ಲ. ಕೇಳಬೇಕಾದ್ದು ಸಮಯವಲ್ಲ, ಪಾಳಿ ಮುಗಿದ ಮೇಲೆ ಹತ್ತು ನಿಮಿಷ ಒಂದು ಕೋಣೆ.

ಹೀಗೆ ನಿಜವಾಗಿ ಕೆಲಸದ ನಡುವೆ ಬರುವುದು ಅಸರ್ ಒಂದೇ. ಇಲ್ಲಿ ಒಂದು ವಿಷಯ ಅನೇಕ ಮ್ಯಾನೇಜರ್‌ಗಳಿಗೆ ಗೊತ್ತಿರುವುದಿಲ್ಲ. ಕರಾವಳಿಯವರೂ ಇಲ್ಲಿನ ಕೊಂಕಣಿ ಮುಸ್ಲಿಮರೂ ಹೆಚ್ಚಾಗಿ ಶಾಫಿ ಪಂಥದವರು. ವಸ್ತುವಿನ ನೆರಳು ನಡುಹಗಲ ನೆರಳಿಗಿಂತ ಆ ವಸ್ತುವಿನ ಉದ್ದದಷ್ಟು ಬೆಳೆದಾಗ ನಮಗೆ ಅಸರ್. ವಿಜಯಪುರ, ಕಲಬುರಗಿ ಕಡೆಯವರೂ ಉತ್ತರ ಪ್ರದೇಶದವರೂ ಹೆಚ್ಚಾಗಿ ಹನಫಿಗಳು, ಅವರಿಗೆ ನೆರಳು ಅದರ ಎರಡರಷ್ಟು ಬೆಳೆಯಬೇಕು. ಮುಂಬೈಯಲ್ಲಿ ಶಾಫಿ ಅಸರ್ ವರ್ಷವಿಡೀ ಸುಮಾರು 3.40ರಿಂದ 4.10ರೊಳಗೆ ಶುರುವಾಗುತ್ತದೆ. ಹನಫಿ ಅಸರ್ ಡಿಸೆಂಬರ್‌ನಲ್ಲಿ ನಾಲ್ಕೂವರೆಗೆ, ಜೂನ್‌ನಲ್ಲಿ 5.20ರ ಸುಮಾರಿಗೆ. ಅಂದರೆ ನನಗೆ 4.15 ಎಂಬ ಒಂದೇ ಹೊತ್ತು ಹನ್ನೆರಡೂ ತಿಂಗಳಿಗೆ ಸಾಕು. ಪಕ್ಕದ ಸೀಟಿನ ಹನಫಿ ಗೆಳೆಯನಿಗೆ ಅದು ಆಗದು. "ಮುಸ್ಲಿಂ ಸಿಬ್ಬಂದಿಗೆ ನಾಲ್ಕೂಕಾಲು" ಎಂದು ಎಲ್ಲರನ್ನೂ ಒಂದೇ ಗೆರೆಯಲ್ಲಿ ಕೂರಿಸಿದರೆ ಒಬ್ಬನ ನಮಾಝ್ ತಪ್ಪುತ್ತದೆ, ಜೊತೆಗೆ ಇಬ್ಬರ ಕುರ್ಚಿಯೂ ಒಟ್ಟಿಗೆ ಖಾಲಿಯಾಗುತ್ತದೆ. ಬೇರೆ ಬೇರೆ ಹೊತ್ತು ಇಟ್ಟರೆ ಇಬ್ಬರಿಗೂ, ಕೆಲಸಕ್ಕೂ ಅನುಕೂಲ.

ವುಝೂ ಮಾಡಲು ಮೂರು ನಿಮಿಷ, ನಾಲ್ಕು ರಕಅತ್‌ಗೆ ಆರು, ಹೋಗಿ ಬರಲು ಮೂರು. ಒಟ್ಟು ಹನ್ನೆರಡು ನಿಮಿಷ. ನಮ್ಮಲ್ಲಿ ಸಂಜೆಯ ಚಹಾ ಬಿಡುವು ಹದಿನೈದು ನಿಮಿಷದ್ದು. ನಾನು ಮೇಲ್‌ನಲ್ಲಿ ಬರೆದದ್ದು ಇಷ್ಟು: ನನ್ನ ಚಹಾ ಬಿಡುವನ್ನು ದಿನವೂ 4.15ಕ್ಕೆ ನಿಗದಿ ಮಾಡಿ. ಆಗ ಕರೆಯಲ್ಲಿದ್ದರೆ ಮುಗಿಸಿಯೇ ಏಳುತ್ತೇನೆ, ಅವಧಿ ಇರುವುದರಿಂದ ಅರ್ಧ ಗಂಟೆ ತಡವಾದರೂ ತೊಂದರೆಯಿಲ್ಲ. ಮೀಟಿಂಗ್ ಕೋಣೆ ಖಾಲಿ ಇದ್ದಾಗ ಒಂದು ಚಾಪೆಯಷ್ಟು ಜಾಗ ಸಾಕು. ಒಂದು ತಿಂಗಳು ನೋಡಿ, 4.15ರಿಂದ 4.30ರ ನಡುವೆ ಕಾಯುವ ಕರೆಗಳು ಹೆಚ್ಚಿದರೆ ಹೊತ್ತು ಬದಲಿಸೋಣ.

ಆ ಹೊತ್ತಿಗೆ ನನ್ನ ಸಾಲನ್ನು ನೋಡಿಕೊಳ್ಳುವವರು ಒಬ್ಬ ಜೈನ ಸಹೋದ್ಯೋಗಿ. ಅವರದು ಚೌವಿಹಾರ; ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು. ಚಳಿಗಾಲದಲ್ಲಿ 5.40ಕ್ಕೆ ಅವರು ಡಬ್ಬಿ ತೆರೆಯುವಾಗ ಅವರ ಸಾಲು ನನ್ನದು. ಒಂದೇ ಸೂರ್ಯನಿಗೆ ಕಟ್ಟುಬಿದ್ದ ಇಬ್ಬರು ಹೀಗೆ ಅದಲುಬದಲು ಮಾಡಿಕೊಂಡಾಗ ಅದನ್ನು ಯಾರೂ ವಿಶೇಷ ಸವಲತ್ತು ಎನ್ನಲಿಲ್ಲ.

ಶುಕ್ರವಾರದ ಜುಮಾ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದು ಜಮಾಅತ್ತಿನಲ್ಲಿ, ಮಸೀದಿ ಗೊತ್ತು ಮಾಡಿದ ಹೊತ್ತಿಗೇ ಆಗಬೇಕು. ಮಸೀದಿಯ ಫಲಕದಲ್ಲಿ ಖುತ್ಬಾದ ಸಮಯ ನೋಡಿಕೊಂಡು, ಅದಕ್ಕೂ ಮುಂಚಿನ ಉರ್ದು ಪ್ರವಚನ ಬಿಟ್ಟು ಹೋದರೂ ನಡೆದು ಹೋಗಿ ಬರುವುದು ಸೇರಿ ಐವತ್ತೈದು ನಿಮಿಷ ಬೇಕು. ಊಟದ ಬಿಡುವು ಮೂವತ್ತು. ಮಿಕ್ಕ ಇಪ್ಪತ್ತೈದಕ್ಕೆ ಶುಕ್ರವಾರ 9.05ಕ್ಕೇ ಕುರ್ಚಿಯಲ್ಲಿರುತ್ತೇನೆ ಎಂದು ಬೇರೆಯದೇ ಸಾಲಿನಲ್ಲಿ ಬರೆದೆ. ದಿನದ ಹನ್ನೆರಡು ನಿಮಿಷದ ಜೊತೆ ಇದನ್ನು ಬೆರೆಸಿ ಕೇಳಿದರೆ ಎರಡೂ ಕೆಡುತ್ತವೆ.

ಇಷ್ಟೊಂದು ವಿನಯ ಯಾಕೆ, ಹಕ್ಕು ಎಂದೇ ಕೇಳಬಾರದೇ ಎಂದು ಕೆಲವರು ಕೇಳುತ್ತಾರೆ. ಸಂವಿಧಾನದ 25ನೇ ವಿಧಿ ಕಟ್ಟಿಹಾಕುವುದು ಮುಖ್ಯವಾಗಿ ಸರಕಾರವನ್ನು, ಖಾಸಗಿ ಕಂಪನಿಯನ್ನಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ನಿಗದಿತ ಗಂಟೆಗಳ ಸತತ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆನ್ನುತ್ತದೆ, ಪ್ರಾರ್ಥನೆಯ ಮಾತು ಎತ್ತುವುದಿಲ್ಲ. ಸರಕಾರದ ವಿನಾಯಿತಿಗಳೂ ಗಟ್ಟಿಯಲ್ಲ. 2025ರ ರಮಝಾನಿನಲ್ಲಿ ತೆಲಂಗಾಣ ತನ್ನ ಮುಸ್ಲಿಂ ನೌಕರರನ್ನು ಸಂಜೆ ನಾಲ್ಕಕ್ಕೆ ಮನೆಗೆ ಬಿಟ್ಟಿತು. ಅಸ್ಸಾಂ ವಿಧಾನಸಭೆ 1937ರಿಂದ ನಡೆದು ಬಂದ ಶುಕ್ರವಾರದ ಎರಡು ಗಂಟೆಯ ಬಿಡುವನ್ನು 2024ರಲ್ಲಿ ತೆಗೆದುಹಾಕಿತು. ಮೇಲಿನಿಂದ ಕೊಟ್ಟದ್ದನ್ನು ಮೇಲಿನವರೇ ಹಿಂದಕ್ಕೆ ಪಡೆಯಬಹುದು. ಪಕ್ಕದ ಕುರ್ಚಿಯವರೊಡನೆ ಮಾಡಿಕೊಂಡ ಹೊಂದಾಣಿಕೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ವೇಳಾಪಟ್ಟಿಯಲ್ಲಿ ಇಲ್ಲದ ಪ್ರಾರ್ಥನೆಗೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ತೋರಿಸಿದೆ. 2025ರ ಏಪ್ರಿಲ್ ಕೊನೆಯಲ್ಲಿ ಹಾವೇರಿ ಕಡೆಗೆ ಹೊರಟಿದ್ದ ವಾಯವ್ಯ ಸಾರಿಗೆಯ ಬಸ್ಸನ್ನು ದಾರಿಯಲ್ಲಿ ನಿಲ್ಲಿಸಿ ಚಾಲಕ ನಮಾಝ್ ಮಾಡಿದರು. ಪ್ರಯಾಣಿಕರೊಬ್ಬರು ತೆಗೆದ ವಿಡಿಯೊ ಹರಿದಾಡಿತು, ಸಚಿವರು ತನಿಖೆಗೆ ಹೇಳಿದರು, ಚಾಲಕ ಅಮಾನತಾದರು. ಪ್ರಯಾಣಿಕರ ಸಮಯ ಚಾಲಕನದಲ್ಲ ಎಂಬುದು ಸರಿ. ಆದರೆ ಅದೇ ನಿಮಿಷಗಳು ಯಾವುದೋ ನಿಲ್ದಾಣದ ಚಹಾ ನಿಲುಗಡೆಗೆ ಹೊಂದಿಕೊಂಡಿದ್ದರೆ ವಿಡಿಯೊ ತೆಗೆಯಲು ಏನೂ ಇರುತ್ತಿರಲಿಲ್ಲ.

ಒಪ್ಪಿಗೆ ಸಿಕ್ಕ ಮೇಲೆ ವ್ಯವಸ್ಥೆ ಕೆಡುವುದು ಸಣ್ಣ ಕಾರಣಗಳಿಗೆ. ಕೈತೊಳೆಯುವ ಬೇಸಿನ್‌ಗೆ ಕಾಲೆತ್ತಿ ವುಝೂ ಮಾಡಿ ನೆಲ ಒದ್ದೆಯಾದರೆ ಮೊದಲ ದೂರು ಹೋಗುವುದು ಹೌಸ್‌ಕೀಪಿಂಗ್‌ನಿಂದ. ಮಗ್‌ನಲ್ಲಿ ನೀರು ಹಿಡಿದು, ಮುಗಿದ ಮೇಲೆ ನೆಲ ಒರೆಸಿ ಬರುವುದು ಒಳ್ಳೆಯದು. ಬೆಂಕಿ ಅನಾಹುತದ ಮೆಟ್ಟಿಲ ಮೇಲೆ ಚಾಪೆ ಹಾಸಬಾರದು, ಆ ದಾರಿ ಎಲ್ಲರ ಜೀವದ್ದು. ಹನ್ನೆರಡು ನಿಮಿಷ ಇಪ್ಪತ್ತಾಗತೊಡಗಿದರೆ ಅದನ್ನು ಮೊದಲು ಗಮನಿಸುವುದು ಮ್ಯಾನೇಜರ್ ಅಲ್ಲ, ನಿಮ್ಮ ಸಾಲು ನೋಡಿಕೊಳ್ಳುವವರು. ಅವರ ಮುಖ ಗಂಟಿಕ್ಕಿದ ದಿನವೇ ಗಡಿಯಾರ ನೋಡಿಕೊಳ್ಳಿ.